ಹುರಿದ ತಾರೀಕು ಬೇರೆ, ಪ್ಯಾಕ್ ಮಾಡಿದ ತಾರೀಕು ಬೇರೆ

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಎಷ್ಟೋ ವರ್ಷದಿಂದ ಸೂಪರ್ ಮಾರ್ಕೆಟ್‌ನ ಒಂದೇ ಪ್ಯಾಕೆಟ್ ಕಾಫಿ ಪುಡಿ. ಮಾರ್ಚ್‌ನಲ್ಲಿ ನಾದಿನಿ ಚಿಕ್ಕಮಗಳೂರಿನಿಂದ ಅರ್ಧ ಕೆಜಿ ಹುರಿದ ಬೀಜ ತಂದುಕೊಟ್ಟಳು. ಮೇಲೆ ‘ಹುರಿದದ್ದು: ಮಾರ್ಚ್ 4’ ಅಂತ ಬರೆದಿತ್ತು. 6ನೇ ತಾರೀಕು ಮಿಕ್ಸಿಯಲ್ಲಿ ಪುಡಿ ಮಾಡಿ ಫಿಲ್ಟರ್‌ಗೆ ಹಾಕಿದರೆ ಪುಡಿ ನೊರೆಯಾಗಿ ಉಬ್ಬಿತು, ಡಿಕಾಕ್ಷನ್ ಇಳಿಯಲೇ ಇಲ್ಲ. ಇಳಿದಷ್ಟೂ ಹುಳಿ, ಒಗರು. ಯಜಮಾನರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಒಂದು ವಾರ ಬಿಟ್ಟು ಅದೇ ಬೀಜದಲ್ಲಿ ಮಾಡಿದರೆ ಮನೆಯೆಲ್ಲ ಘಮ! ಏಪ್ರಿಲ್ ಮಧ್ಯಕ್ಕೆ ಮತ್ತೆ ಸಪ್ಪೆ. ನಮ್ಮ ಹಳೇ ಪ್ಯಾಕೆಟ್ ಮಾತ್ರ ಯಾವಾಗ ಮಾಡಿದರೂ ಒಂದೇ ರುಚಿ. ಅದರ ಮೇಲೆ ‘ಪ್ಯಾಕ್ ಮಾಡಿದ್ದು: ಡಿಸೆಂಬರ್, 12 ತಿಂಗಳೊಳಗೆ ಬಳಸಿದರೆ ಉತ್ತಮ’ ಅಂತಿದೆ. ಹಾಗಾದರೆ ಹಳೆಯದೇ ಒಳ್ಳೆಯದಾ? ನಾವು ಯಾವ ತಾರೀಕು ನೋಡಿ ಕೊಳ್ಳಬೇಕು? — ದಾವಣಗೆರೆಯಿಂದ ಒಬ್ಬ ಓದುಗರು

ಉತ್ತರ: ಯಜಮಾನರ ನಾಲಿಗೆ ಸರಿಯಾಗಿಯೇ ಇದೆ, ನಿಮ್ಮ ನಾದಿನಿ ತಂದ ಬೀಜವೂ ಸರಿಯಾಗಿಯೇ ಇದೆ. ಅವತ್ತು ಕೈಕೊಟ್ಟದ್ದು ತಾರೀಕು ಮಾತ್ರ. ಹದಿನೆಂಟು ವರ್ಷದಿಂದ ಕಾಫಿ ಹುರಿಯುವುದೇ ನನ್ನ ಕೆಲಸ. ಶುರುವಿನಲ್ಲಿ ನಾನೂ ‘ಇವತ್ತು ಹುರಿದದ್ದನ್ನು ಇವತ್ತೇ ಕುಡಿಯಬೇಕು, ಅದೇ ಅಸಲಿ ಕಾಫಿ’ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದವನೇ. ಅದು ತಪ್ಪು ಅಂತ ಗೊತ್ತಾಗಿದ್ದು ಒಂದು ಪಾರ್ಸೆಲ್‌ನಿಂದ. ಹುರಿದು ಒಂದು ಗಂಟೆಯೂ ಆಗಿರದ ಬೀಜವನ್ನು ಬಿಗಿಯಾಗಿ ಸೀಲ್ ಮಾಡಿದ ದಪ್ಪ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ್ದೆ. ಬೆಳಿಗ್ಗೆ ಫೋನ್ ಬಂತು. ಚೀಲಗಳೆಲ್ಲ ದಿಂಬಿನ ಹಾಗೆ ಉಬ್ಬಿದ್ದವು, ಎರಡು ಒಡೆದು ಡಬ್ಬದ ತುಂಬ ಬೀಜ ಚೆಲ್ಲಿತ್ತು. ತಪ್ಪು ಪೂರ್ತಿ ನನ್ನದೇ.

ಆ ಚೀಲ ಉಬ್ಬಿಸಿದ್ದು ಯಾವುದೋ, ನಿಮ್ಮ ಫಿಲ್ಟರ್‌ನಲ್ಲಿ ಪುಡಿ ಉಬ್ಬಿಸಿದ್ದೂ ಅದೇ. ಹಸಿ ಕಾಫಿ ಬೀಜ ನೋಡಿದ್ದೀರಲ್ವಾ, ಕಲ್ಲಿನ ಹಾಗೆ ಗಟ್ಟಿ. ಅದರಲ್ಲಿ ನೂರಕ್ಕೆ ಹತ್ತು-ಹನ್ನೆರಡು ಪಾಲು ನೀರಿರುತ್ತದೆ. ಡ್ರಮ್‌ನಲ್ಲಿ ಬೀಜದ ಬಿಸಿ 200 ಡಿಗ್ರಿ ಹತ್ತಿರ ಬಂದಾಗ ಒಳಗಿನ ಆವಿ, ಗ್ಯಾಸು ಎಲ್ಲ ಒತ್ತಿಕೊಂಡು ಬೀಜ ಜೋಳದ ಅರಳಿನ ಹಾಗೆ ಪಟಪಟ ಸಿಡಿಯುತ್ತದೆ, ಹೊಟ್ಟು ಹಾರುತ್ತದೆ, ಬೀಜ ಹಿಗ್ಗುತ್ತದೆ. ಒಂದು ಕೆಜಿ ಹಸಿ ಬೀಜ ಹಾಕಿದರೆ ಮಧ್ಯಮ ಹದಕ್ಕೆ ಕೈಗೆ ಸಿಗುವುದು ಸುಮಾರು 850 ಗ್ರಾಂ. ಹೋದದ್ದರಲ್ಲಿ ಹೆಚ್ಚಿನದು ನೀರು. ಆದರೆ ಈ ಗಲಾಟೆಯಲ್ಲಿ ಹುಟ್ಟಿದ ಇಂಗಾಲದ ಡೈ ಆಕ್ಸೈಡ್ ಪೂರ್ತಿ ಹೊರಗೆ ಹೋಗುವುದಿಲ್ಲ. ಸೋಡಾ ಬಾಟಲಿಯಲ್ಲಿ ಇರುವುದೂ ಇದೇ ಗ್ಯಾಸು. ಹುರಿದ ಬೀಜದ ಒಳಗಿನ ಸಣ್ಣ ಸಣ್ಣ ಗೂಡುಗಳಲ್ಲಿ ಅದು ಒತ್ತಡದಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಕೆಜಿ ಬೀಜದಲ್ಲಿ ಲೀಟರ್‌ಗಟ್ಟಲೆ. ಮೊದಲ ಒಂದೆರಡು ದಿನ ಜೋರಾಗಿ, ಆಮೇಲೆ ವಾರಗಟ್ಟಲೆ ನಿಧಾನವಾಗಿ ಹೊರಗೆ ಬರುತ್ತಿರುತ್ತದೆ.

ನೀವು ಎರಡೇ ದಿನದ ಬೀಜವನ್ನು ಪುಡಿ ಮಾಡಿ ಬಿಸಿನೀರು ಹಾಕಿದಾಗ ಏನಾಯಿತು ಅಂದರೆ, ಒಳಗಿದ್ದ ಗ್ಯಾಸೆಲ್ಲ ಒಟ್ಟಿಗೆ ಎದ್ದಿತು. ಪುಡಿಯ ಕಣ ಒಂದೊಂದರ ಸುತ್ತಲೂ ಗುಳ್ಳೆ. ನೀರು ಕಣದ ಒಳಗೆ ಇಳಿಯಲು ನೋಡುತ್ತದೆ, ಗ್ಯಾಸು ಹೊರಗೆ ತಳ್ಳುತ್ತದೆ. ನಮ್ಮ ಫಿಲ್ಟರ್‌ನಲ್ಲಿ ಪುಡಿಯ ಮೇಲೆ ಕಡ್ಡಿ ಇರುವ ತೂತಿನ ಬಿಲ್ಲೆ ಇಟ್ಟು ಒತ್ತುತ್ತೇವಲ್ಲ, ಉಬ್ಬಿದ ಪುಡಿ ಆ ಬಿಲ್ಲೆಯನ್ನೇ ಎತ್ತಿಬಿಡುತ್ತದೆ. ಆಮೇಲೆ ನೀರು ಒಂದು ಕಡೆ ದಾರಿ ಮಾಡಿಕೊಂಡು ಸೋರುತ್ತದೆ, ಇನ್ನೊಂದು ಕಡೆ ಪುಡಿ ಒಣಗಿಯೇ ಇರುತ್ತದೆ. ರುಚಿ ಪೂರ್ತಿ ಇಳಿಯುವುದಿಲ್ಲ. ಮೊದಲು ಕರಗುವ ಹುಳಿ ಬರುತ್ತದೆ, ಆಮೇಲೆ ಬರಬೇಕಾದ ಸಿಹಿ ಬರುವುದಿಲ್ಲ. ಗ್ಯಾಸು ಡಿಕಾಕ್ಷನ್‌ನಲ್ಲಿ ಕರಗಿ ಅದರದ್ದೊಂದು ಚುರುಕನ್ನೂ ಸೇರಿಸುತ್ತದೆ. ಜೊತೆಗೆ ಮಿಕ್ಸಿ. ಅದು ಬೀಜವನ್ನು ಅರೆಯುವುದಿಲ್ಲ, ಕೊಚ್ಚುತ್ತದೆ. ಅರ್ಧ ಧೂಳು, ಅರ್ಧ ರವೆ. ಧೂಳು ಕೆಳಗಿನ ತೂತು ಕಟ್ಟುತ್ತದೆ, ರವೆಯಿಂದ ರುಚಿ ಇಳಿಯುವುದಿಲ್ಲ. ಹಾಗಾಗಿ ಎಲ್ಲ ತಪ್ಪನ್ನೂ ತಾಜಾತನದ ತಲೆಗೆ ಕಟ್ಟುವುದು ನ್ಯಾಯ ಅಲ್ಲ, ಕಾಲು ಪಾಲಾದರೂ ಮಿಕ್ಸಿಗೆ ಸಲ್ಲಬೇಕು.

ವಾರ ಬಿಟ್ಟ ಮೇಲೆ ಗ್ಯಾಸು ಹದಕ್ಕೆ ಇಳಿದಿತ್ತು, ಘಮ ಇನ್ನೂ ಒಳಗೇ ಇತ್ತು. ಅದಕ್ಕೇ ಮನೆಯೆಲ್ಲ ಘಮಘಮ. ಈ ಮಧ್ಯದ ದಿನಗಳನ್ನು ಹಿಡಿಯುವುದಕ್ಕೇ ಹುರಿದ ತಾರೀಕು ಬೇಕಾಗಿರುವುದು, ‘ಎಷ್ಟು ಹೊಸದೋ ಅಷ್ಟು ಒಳ್ಳೆಯದು’ ಅನ್ನುವುದಕ್ಕಲ್ಲ.

ಈಗ ನಿಮ್ಮ ಹಳೇ ಪ್ಯಾಕೆಟ್ ವಿಷಯ. ಅದು ಯಾವಾಗಲೂ ಒಂದೇ ರುಚಿ ಕೊಡುತ್ತದೆ ಅಂದಿರಿ, ಇಡೀ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಆ ಮಾತೇ. ಯಾಕೆಂದರೆ ಅದರಲ್ಲಿ ಬದಲಾಗಬೇಕಾದ್ದೆಲ್ಲ ನಿಮ್ಮ ಮನೆ ಸೇರುವ ಮೊದಲೇ ಬದಲಾಗಿ ಮುಗಿದಿದೆ. ಪುಡಿ ಮಾಡಿದ ಕೆಲವೇ ನಿಮಿಷದಲ್ಲಿ ಗ್ಯಾಸಿನ ದೊಡ್ಡ ಪಾಲು ಹಾರಿಹೋಗುತ್ತದೆ. ಅದರ ಬೆನ್ನಿಗೇ ಘಮವೂ. ಪುಡಿ ಮಾಡುವಾಗ ಅಂಗಡಿ ಮುಂದೆ ಹಾದುಹೋದರೆ ಮೂಗಿಗೆ ಬಡಿಯುತ್ತದಲ್ಲ ಪರಿಮಳ, ಅದು ಪುಡಿಯಿಂದ ಹೊರಟುಹೋದ ಪರಿಮಳ, ನಿಮ್ಮ ಲೋಟಕ್ಕೆ ಬರುವುದಲ್ಲ! ಕಾರ್ಖಾನೆಯಲ್ಲಿ ಪುಡಿಯನ್ನು ಬೇಕೆಂತಲೇ ಸ್ವಲ್ಪ ಹೊತ್ತು ಬಿಟ್ಟು ಗ್ಯಾಸ್ ಹೋಗಲು ಬಿಡುತ್ತಾರೆ. ಬಿಡದೆ ಗಟ್ಟಿ ಪ್ಯಾಕ್ ಮಾಡಿದರೆ ನನ್ನ ಬಸ್ ಪಾರ್ಸೆಲ್ ಕಥೆಯೇ. ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಗಾಳಿ ಹೀರಿ ಕಟ್ಟಿದ ಪ್ಯಾಕೆಟ್ ನೋಡಿದರೆ ‘ಎಷ್ಟು ಫ್ರೆಶ್ಶು’ ಅನ್ನಿಸುತ್ತದೆ. ನಿಜದಲ್ಲಿ ಪುಡಿ ಗ್ಯಾಸ್ ಬಿಡುವುದು ಮುಗಿದಿದ್ದರೆ ಮಾತ್ರ ಅದು ಹಾಗೆ ಗಟ್ಟಿಯಾಗಿ ಉಳಿಯುತ್ತದೆ. ಇದು ಮೋಸ ಅಲ್ಲ. ಕೋಟ್ಯಂತರ ಮನೆಗೆ ತಿಂಗಳುಗಟ್ಟಲೆ ಒಂದೇ ರುಚಿ ಕೊಡಬೇಕು ಅಂದರೆ ದಾರಿ ಇದೇ. ಮೇಲಿನ ಅಂಚನ್ನು ಬಿಟ್ಟುಕೊಟ್ಟು ಮಟ್ಟಸ ರುಚಿಯನ್ನು ಕೊಳ್ಳುತ್ತಾರೆ.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ನೀವು ಹೋಲಿಸುತ್ತಿರುವುದು ಒಂದೇ ವಸ್ತುವಿನ ಹೊಸದು-ಹಳೆಯದನ್ನಲ್ಲ. ನಿಮ್ಮ ಪ್ಯಾಕೆಟ್ ಎತ್ತಿಕೊಂಡು ಹಿಂಬದಿ ನೋಡಿ. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಶೇಕಡಾ ಲೆಕ್ಕದಲ್ಲಿ ಬರೆದಿರಲೇಬೇಕು, ಅದು ಕಾನೂನು. ಕಾಫಿ ಕಡೇಪಕ್ಷ 51 ಪಾಲು ಇರಬೇಕು. ನಮ್ಮ ಕಡೆ 70-30, 80-20, 60-40 ಎಲ್ಲ ಸಿಗುತ್ತವೆ. ಚಿಕೋರಿ ಒಂದು ಬೇರು. ಅದನ್ನೂ ಹುರಿದು ಪುಡಿ ಮಾಡುತ್ತಾರೆ. ಬಣ್ಣ, ಮಂದ, ಒಂಥರಾ ಸುಟ್ಟ ಬೆಲ್ಲದ ಸಿಹಿ ಅದರದ್ದು. ಕಾಫಿಯ ಘಮ ಇಳಿದರೂ ಚಿಕೋರಿಯ ಬಣ್ಣ ಮತ್ತು ಮಂದ ಹಾಗೇ ನಿಲ್ಲುವುದರಿಂದ, ಹಾಲು-ಸಕ್ಕರೆ ಹಾಕಿದ ಮೇಲೆ ಪುಡಿ ಹಳತಾದದ್ದು ನಾಲಿಗೆಗೆ ಬೇಗ ಗೊತ್ತಾಗುವುದಿಲ್ಲ. ನಾದಿನಿ ತಂದದ್ದು ಬರೀ ಬೀಜ. ಚಿಕೋರಿ ಇಲ್ಲ, ಪ್ರಾಯಶಃ ಹುರಿತವೂ ಸ್ವಲ್ಪ ಎಳೆಯದು, ಅರೇಬಿಕಾ ಜಾಸ್ತಿ ಇರಬಹುದು. ಹಾಗಾಗಿ ಯಜಮಾನರಿಗೆ ‘ಇದು ನೀರು ನೀರು, ಹುಳಿ’ ಅನ್ನಿಸಿದ್ದರಲ್ಲಿ ಅರ್ಧ ಈ ವ್ಯತ್ಯಾಸದ್ದೇ. ತಾಜಾ ಬೀಜ ಇಷ್ಟವೋ ಇಲ್ಲವೋ ಅಂತ ತೀರ್ಮಾನ ಮಾಡುವ ಮೊದಲು, ಅದೇ ಬೀಜದ ಪುಡಿಗೆ ನಿಮ್ಮ ಹಳೇ ಪ್ಯಾಕೆಟ್‌ನಷ್ಟೇ ಚಿಕೋರಿ ಬೆರೆಸಿ ಒಂದು ಸಲ ಕುಡಿದು ನೋಡಿ. ಕಾಫಿ ಪುಡಿ ಅಂಗಡಿಯಲ್ಲಿ ಬರೀ ಚಿಕೋರಿ ಪುಡಿಯೂ ಸಿಗುತ್ತದೆ. ಚಿಕೋರಿ ಹಾಕುವುದು ಕೀಳು ಅಂತ ಈಚೆಗೆ ಕೆಲವರು ಮಾತಾಡುತ್ತಾರೆ. ನನಗೆ ಹಾಗೇನೂ ಇಲ್ಲ, ನಮ್ಮಮ್ಮನ ಕಾಫಿ 80-20ರದ್ದೇ.

ಏಪ್ರಿಲ್‌ನಲ್ಲಿ ಸಪ್ಪೆಯಾದದ್ದು ಯಾಕೆ? ಗ್ಯಾಸು ಹೊರಗೆ ಬರುತ್ತಿರುವವರೆಗೆ ಅದು ಒಂದು ರೀತಿಯ ಕಾವಲು, ಹೊರಗಿನ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಅದು ಕಡಿಮೆಯಾದಂತೆ ಗಾಳಿಯ ಆಮ್ಲಜನಕ ನುಗ್ಗುತ್ತದೆ. ಮೊದಲು ಹೋಗುವುದು ತೆಳು ಘಮಗಳು. ಆಗ ಕಾಫಿ ಸಪ್ಪೆ, ಒಣ ರಟ್ಟಿನ ಹಾಗೆ. ಇನ್ನೂ ಬಿಟ್ಟರೆ ಬೀಜದ ಎಣ್ಣೆ ಕೆಡುತ್ತದೆ, ಹಳೇ ಶೇಂಗಾದ ಹಾಗೆ ಕಮಟು ವಾಸನೆ. ಬೀಜ ಬಿಸಿ ಜಾಗದಲ್ಲಿದ್ದರೆ, ತೇವ ತಾಗಿದರೆ, ದಿನಕ್ಕೆರಡು ಸಲ ಡಬ್ಬಿ ತೆಗೆದು ಮುಚ್ಚಿದರೆ ಇದೆಲ್ಲ ಬೇಗ ಆಗುತ್ತದೆ. ದಾವಣಗೆರೆಯ ಮಾರ್ಚ್-ಏಪ್ರಿಲ್ ಬಿಸಿಲು ಗೊತ್ತಲ್ಲ. ಚಿಕ್ಕಮಗಳೂರಿನ ತಂಪಿನಲ್ಲಿ ಆರು ವಾರ ಬರುವ ಬೀಜ ನಿಮ್ಮ ಅಡುಗೆಮನೆಯ ಒಲೆ ಪಕ್ಕದ ಕಪಾಟಿನಲ್ಲಿ ನಾಲ್ಕು ವಾರಕ್ಕೇ ಇಳಿದುಬಿಡಬಹುದು. ಸಪ್ಪೆಯಾದ ಕಾಫಿಯಿಂದ ಆರೋಗ್ಯ ಕೆಡುತ್ತದಾ ಅಂತ ಕೆಲವರು ಕೇಳುತ್ತಾರೆ. ಒಣಗಿರುವವರೆಗೆ ಏನೂ ಆಗುವುದಿಲ್ಲ, ರುಚಿ ಹೋಗಿರುತ್ತದೆ ಅಷ್ಟೇ. ಬೂಷ್ಟು ಹಿಡಿದರೆ ಮಾತ್ರ ಎಸೆಯಿರಿ.

ಇನ್ನು ತಾರೀಕುಗಳಿಗೆ ಬರೋಣ. ಕಾಫಿ ಪ್ಯಾಕೆಟ್ ಮೇಲೆ ಹುರಿದ ದಿನ ಹಾಕಲೇಬೇಕು ಅನ್ನುವ ನಿಯಮ ನಮ್ಮಲ್ಲಿಲ್ಲ. ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನ, ಮತ್ತೆ ಯಾವಾಗಿನ ತನಕ ಬಳಸಬಹುದು ಅನ್ನುವುದು ಇದ್ದರೆ ಸಾಕು. ‘ಅಥವಾ’ ಅನ್ನುವ ಆ ಒಂದು ಪದದಲ್ಲೇ ಎಲ್ಲ ಅಡಗಿದೆ. ಪ್ಯಾಕ್ ಮಾಡಿದ ದಿನ ಅಂದರೆ ಪುಡಿ ಅಥವಾ ಬೀಜ ಆ ಚೀಲದೊಳಗೆ ಬಿದ್ದ ದಿನ. ಹುರಿದದ್ದು ಅವತ್ತೇ ಇರಬಹುದು, ಹತ್ತು ದಿನ ಹಿಂದೆ ಇರಬಹುದು, ತಿಂಗಳ ಹಿಂದೆಯೂ ಇರಬಹುದು. ಒಬ್ಬ ವ್ಯಾಪಾರಿ ದೊಡ್ಡ ಮೂಟೆಯಲ್ಲಿ ಹುರಿದ ಬೀಜ ತರಿಸಿ, ಬೇಕಾದಾಗ ಕಾಲು ಕೆಜಿ ಚೀಲಕ್ಕೆ ತುಂಬಿ, ಅವತ್ತಿನ ತಾರೀಕಿನ ಮುದ್ರೆ ಹೊಡೆದರೆ ಅದು ಸುಳ್ಳು ಅಲ್ಲ. ಪ್ಯಾಕ್ ಮಾಡಿದ್ದು ಅವತ್ತೇ ತಾನೇ! ಬಹಳ ಪ್ಯಾಕೆಟ್‌ಗಳಲ್ಲಿ ತಿಂಗಳು-ವರ್ಷ ಮಾತ್ರ ಇರುತ್ತದೆ, ದಿನವೂ ಇರುವುದಿಲ್ಲ. ‘ಡಿಸೆಂಬರ್’ ಅಂದರೆ 1ನೇ ತಾರೀಕೂ ಆಗಬಹುದು, 31ನೇ ತಾರೀಕೂ ಆಗಬಹುದು. ನಾಲ್ಕು ವಾರದ ಲೆಕ್ಕದಲ್ಲಿ ಆಡುವ ವಸ್ತುವಿಗೆ ಇದು ದೊಡ್ಡ ಅಂತರ.

‘12 ತಿಂಗಳೊಳಗೆ ಬಳಸಿದರೆ ಉತ್ತಮ’ ಅನ್ನುವುದನ್ನು ರುಚಿಯ ಗ್ಯಾರಂಟಿ ಅಂತ ಓದಬೇಡಿ. ಸೀಲ್ ಒಡೆಯದೆ ಇಟ್ಟರೆ ಅಷ್ಟು ದಿನ ಮಾರಬಹುದಾದ ಸ್ಥಿತಿಯಲ್ಲಿ ಇರುತ್ತದೆ ಅಂತ ಕಂಪನಿ ಹೇಳುತ್ತಿದೆ. ಸೀಲ್ ಒಡೆದ ಕ್ಷಣಕ್ಕೆ ಆ ಮಾತು ಮುಗಿಯಿತು. ಆದರೂ ಈ ಸಾಲಿನಿಂದ ಒಂದು ಉಪಯೋಗ ಇದೆ. ಅಂಗಡಿಯಲ್ಲಿ ಕೆಲವು ಪ್ಯಾಕೆಟ್‌ನ ಪ್ಯಾಕ್ ತಾರೀಕು ಅಳಿಸಿಹೋಗಿರುತ್ತದೆ, ಬಳಸುವ ಕೊನೆ ತಿಂಗಳು ಮಾತ್ರ ಕಾಣುತ್ತದೆ. ಆಗ ಹಿಂದಕ್ಕೆ ಎಣಿಸಿ. ಕೊನೆ ತಿಂಗಳು ನವೆಂಬರ್, ಅವಧಿ 12 ತಿಂಗಳು ಅಂದರೆ ಪ್ಯಾಕ್ ಆದದ್ದು ಹೋದ ವರ್ಷದ ನವೆಂಬರ್ ಹತ್ತಿರ. ಅದೇ ಕಪಾಟಿನಲ್ಲಿ ಹಿಂದಿನ ಸಾಲಿನಲ್ಲಿ ಇನ್ನೂ ಹೊಸ ತಿಂಗಳಿನದು ಇರುತ್ತದೆ, ಕೈ ಹಾಕಿ ತೆಗೆಯಿರಿ. ಅಂಗಡಿಯವರು ಹಳೆಯದನ್ನು ಮುಂದೆ ಜೋಡಿಸುವುದು ಎಲ್ಲ ಕಡೆಯೂ ಇದ್ದದ್ದೇ.

ಹೊರದೇಶದ ಕಾಫಿ ಪ್ಯಾಕೆಟ್ ಯಾರಾದರೂ ತಂದುಕೊಟ್ಟರೆ ಎರಡು ಎಚ್ಚರ. ಇಲ್ಲಿ ಮಾರುವುದರ ಮೇಲೆ ಅಂಟಿಸಿರುವ ಚೀಟಿಯಲ್ಲಿ ಆಮದಾದ ತಿಂಗಳು ಇದ್ದರೆ ಅದು ಹುರಿದದ್ದೂ ಅಲ್ಲ, ಪ್ಯಾಕ್ ಮಾಡಿದ್ದೂ ಅಲ್ಲ. ಅಮೆರಿಕದ ಪ್ಯಾಕೆಟ್ ಆದರೆ 04/03 ಅಂದರೆ ಏಪ್ರಿಲ್ 3, ನಮ್ಮ ಲೆಕ್ಕದ ಮಾರ್ಚ್ 4 ಅಲ್ಲ. ಒಂದು ತಿಂಗಳೇ ಹೆಚ್ಚುಕಡಿಮೆ ಆಗಿಬಿಡುತ್ತದೆ.

ಕೆಲವರು ಬ್ಯಾಚ್ ನಂಬರ್ ನೋಡಿ ಹುರಿದ ದಿನ ಕಂಡುಹಿಡಿಯಬಹುದು ಅನ್ನುತ್ತಾರೆ. ಕೆಲವು ಕಡೆ ಬ್ಯಾಚ್ ನಂಬರ್‌ನಲ್ಲಿ ವರ್ಷದ ಎಷ್ಟನೇ ದಿನ ಅನ್ನುವ ಮೂರು ಅಂಕಿ ಇರುವುದು ನಿಜ. 063 ಅಂದರೆ 63ನೇ ದಿನ, ಮಾಮೂಲಿ ವರ್ಷದಲ್ಲಿ ಮಾರ್ಚ್ 4. ಆದರೆ ಎಲ್ಲರೂ ಹೀಗೇ ಬರೆಯಬೇಕು ಅಂತಿಲ್ಲ. ಸುಮ್ನೆ ಅಂಕಿ ನೋಡಿ ಊಹೆ ಮಾಡುವುದಕ್ಕಿಂತ ಪ್ಯಾಕೆಟ್ ಮೇಲಿನ ನಂಬರಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ಸಣ್ಣ ರೋಸ್ಟರ್‌ಗಳು ಸಾಮಾನ್ಯವಾಗಿ ಹೇಳುತ್ತಾರೆ.

ಈಗ ನಿಮ್ಮ ಎರಡು ಪ್ಯಾಕೆಟ್‌ಗಳನ್ನು ಒಂದೇ ಕ್ಯಾಲೆಂಡರ್ ಮೇಲೆ ಇಟ್ಟು ನೋಡೋಣ. ಬೀಜ ಹುರಿದದ್ದು ಮಾರ್ಚ್ 4. ಫಿಲ್ಟರ್ ಕಾಫಿಗೆ ಮಧ್ಯಮದಿಂದ ಗಾಢ ಹುರಿತದ ಬೀಜ ಆದರೆ ನಾನು ಐದನೇ ದಿನದಿಂದ ಶುರು ಮಾಡಿ ಅಂತ ಹೇಳುತ್ತೇನೆ, ಅಂದರೆ ಮಾರ್ಚ್ 9. ಎಳೆ ಹುರಿತ ಆದರೆ ಬೀಜ ಗಟ್ಟಿ ಇರುತ್ತದೆ, ಗ್ಯಾಸು ನಿಧಾನಕ್ಕೆ ಬಿಡುತ್ತದೆ, ಹತ್ತು ದಿನ ಕಾಯಬೇಕು. ನಿಮಗೆ ರುಚಿ ಹತ್ತಿದ್ದು 13ರ ಸುಮಾರಿಗೆ, ಒಂಬತ್ತನೇ ದಿನ. ಅಲ್ಲಿಂದ ಮಾರ್ಚ್ ಕೊನೆಯವರೆಗೆ ಅದರ ಒಳ್ಳೆಯ ಕಾಲ. ಏಪ್ರಿಲ್ ಮೊದಲ ವಾರದಲ್ಲಿ ನಿಧಾನವಾಗಿ ಇಳಿಯಲು ಶುರು. ಏಪ್ರಿಲ್ 15 ಅಂದರೆ 42ನೇ ದಿನ, ಅದೂ ತೆರೆದು ಐದು ವಾರದ ಮೇಲಾದ ಚೀಲ, ಬೇಸಿಗೆ ಬೇರೆ. ಸಪ್ಪೆಯಾಗದೆ ಇನ್ನೇನು? ಅತ್ತ ಪ್ಯಾಕೆಟ್ ಪುಡಿ ಡಿಸೆಂಬರ್‌ನಲ್ಲಿ ಚೀಲ ಸೇರಿದೆ. ಮಾರ್ಚ್‌ಗೆ ಅದಕ್ಕೆ ಕಡಿಮೆ ಅಂದರೂ ಎರಡು ತಿಂಗಳ ಮೇಲಾಗಿತ್ತು, ಅದಕ್ಕಿಂತ ಎಷ್ಟು ದಿನ ಹಿಂದೆ ಹುರಿದದ್ದೋ ಪ್ಯಾಕೆಟ್ ಹೇಳುವುದಿಲ್ಲ. ಹಾಗಾಗಿ ಮಾರ್ಚ್ 6ರಂದು ನೀವು ಹೋಲಿಸಿದ್ದು ಇನ್ನೂ ಹದಕ್ಕೆ ಬರದ ಬೀಜವನ್ನೂ ಎಲ್ಲ ಬದಲಾವಣೆ ಮುಗಿಸಿ ಕೂತ ಪುಡಿಯನ್ನೂ. ಅವತ್ತು ಪುಡಿ ಗೆದ್ದದ್ದು ಸಹಜ. 13ಕ್ಕೆ ಹೋಲಿಸಿದ್ದರೆ ಯಜಮಾನರ ತೀರ್ಪು ಬೇರೆ ಇರುತ್ತಿತ್ತೇನೋ.

ತಾರೀಕೇ ಇಲ್ಲದ ಬೀಜ ಕೈಗೆ ಬಂದರೆ ಒಂದು ಸುಲಭದ ಪರೀಕ್ಷೆ ಇದೆ. ಒಂದು ಹಿಡಿ ಬೀಜವನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿಯೆಲ್ಲ ಒತ್ತಿ ತೆಗೆದು, ಮುಚ್ಚಿ, ರಾತ್ರಿ ಇಡಿ. ಬೆಳಿಗ್ಗೆ ಚೀಲ ಉಬ್ಬಿದ್ದರೆ ಬೀಜದಲ್ಲಿ ಇನ್ನೂ ಗ್ಯಾಸ್ ಇದೆ, ವಾರ-ಎರಡು ವಾರದೊಳಗಿನದು ಇರಬಹುದು. ಚಪ್ಪಟೆಯಾಗೇ ಇದ್ದರೆ ಹಳತು ಅನ್ನುವ ಅನುಮಾನ ಪಡಿ. ಅನುಮಾನ ಅಷ್ಟೇ, ಖಾತ್ರಿ ಅಲ್ಲ. ಕಪ್ಪಗೆ ಹುರಿದ ಬೀಜ ಬೇಗ ಗ್ಯಾಸ್ ಕಳೆದುಕೊಳ್ಳುತ್ತದೆ. ಪುಡಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದರ ಗ್ಯಾಸು ಆಗಲೇ ಹೋಗಿರುತ್ತದೆ. ಇನ್ನು ಬೀಜದ ಮೇಲೆ ಎಣ್ಣೆ ಹೊಳೆದರೆ ತಾಜಾ ಅಂತ ಒಂದು ನಂಬಿಕೆ ಇದೆ. ಅದು ಗಾಢವಾಗಿ ಹುರಿದ ಗುರುತು. ಮಧ್ಯಮ ಹುರಿತದ ಬೀಜದ ಮೇಲೆ ಎಣ್ಣೆ ಚುಕ್ಕಿ ಕಂಡರಂತೂ ಅದು ಹಳತಾಗುತ್ತಿದೆ ಅಂತಲೇ ಅರ್ಥ. ಅಂಗಡಿಯ ಗಾಜಿನ ಡಬ್ಬದಲ್ಲಿ ಬಿಸಿಲಿಗೆ ಮಿರಮಿರ ಮಿಂಚುವ ಬೀಜ ನೋಡಿ ಮರುಳಾಗಬೇಡಿ.

ಚೀಲದ ಎದುರು ಬದಿಯಲ್ಲಿ ಅಂಗಿ ಗುಂಡಿಯಷ್ಟು ದೊಡ್ಡ ತೂತಿನ ಬಿಲ್ಲೆ ಇದ್ದರೆ ಅದು ವಾಲ್ವ್. ಒಳಗಿನ ಗ್ಯಾಸನ್ನು ಹೊರಗೆ ಬಿಡುತ್ತದೆ, ಹೊರಗಿನ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಹುರಿದ ಕೂಡಲೇ ತುಂಬಲು ಸಾಧ್ಯ ಆಗುವುದು ಇಂಥ ಚೀಲದಲ್ಲಿ. ಹಾಗಾಗಿ ವಾಲ್ವ್ ಇದ್ದು, ಹುರಿದ ದಿನವೂ ಇದ್ದರೆ ಒಳ್ಳೆಯ ಲಕ್ಷಣ. ವಾಲ್ವ್ ಇದ್ದು ಹುರಿದ ದಿನ ಇಲ್ಲದಿದ್ದರೆ ಅದು ಬರೀ ಅಲಂಕಾರವೂ ಆಗಿರಬಹುದು. ಆ ತೂತಿಗೆ ಮೂಗಿಟ್ಟು ಚೀಲ ಒತ್ತಿ ಮೂಸಿ ನೋಡಬೇಡಿ, ಉಳಿದ ಘಮವನ್ನು ನೀವೇ ಹೊರಗೆ ಹಾಕಿದ ಹಾಗೆ. (ನಾನೂ ಅಂಗಡಿಯಲ್ಲಿ ಯಾರೂ ನೋಡದಾಗ ಮೂಸುತ್ತೇನೆ, ಅದು ಬೇರೆ ಮಾತು.)

ಹಾಗಾದರೆ ನೀವೇನು ಮಾಡಬಹುದು? ಮಿಕ್ಸಿ, ಬೀಜ ಎಲ್ಲ ತಲೆನೋವು ಅನ್ನಿಸಿದರೆ ಪ್ಯಾಕೆಟ್ ಪುಡಿಯಲ್ಲೇ ಇರಿ, ತಪ್ಪೇನಿಲ್ಲ. ಅರ್ಧ ಕೆಜಿ ಬದಲು ನೂರು-ಇನ್ನೂರು ಗ್ರಾಂನದು ತನ್ನಿ, ಹೊಸ ತಿಂಗಳಿನದು ಆರಿಸಿ, ಒಡೆದ ಮೇಲೆ ಹತ್ತು-ಹದಿನೈದು ದಿನದಲ್ಲಿ ಮುಗಿಸಿ. ಚಿಕೋರಿ ಗಾಳಿಯ ತೇವ ಎಳೆಯುತ್ತದೆ, ಮಳೆಗಾಲದಲ್ಲಿ ಪುಡಿ ಹೆಂಟೆಕಟ್ಟುವುದು ಅದಕ್ಕೇ. ಒದ್ದೆ ಚಮಚ ಹಾಕಬೇಡಿ.

ಎರಡನೆಯದು, ನಾನು ಹೆಚ್ಚಿನ ಮನೆಗಳಿಗೆ ಹೇಳುವುದು: ಊರಿನ ಕಾಫಿ ಪುಡಿ ಅಂಗಡಿ. ಎದುರಿಗೇ ಪುಡಿ ಮಾಡಿ ಕೊಡುವವರು. ಮಿಕ್ಸಿಗಿಂತ ಅವರ ಗಿರಣಿ ಎಷ್ಟೋ ಸಮ ಅರೆಯುತ್ತದೆ. ಪ್ಲಾಂಟೇಶನ್ ಎ, ಪೀಬೆರಿ, ರೋಬಸ್ಟಾ ಅಂತ ಬೀಜದ ಹೆಸರು ಹೇಳಿ ನಿಮಗೆ ಬೇಕಾದ ಮಿಶ್ರಣ ಮಾಡಿಸಿಕೊಳ್ಳಬಹುದು. ಆದರೆ ಅಲ್ಲೊಂದು ಹಳ್ಳ ಇದೆ. ಬಿಸಿ ಬಿಸಿ ಪುಡಿ ಕೈಗೆ ಬಂದ ಮಾತ್ರಕ್ಕೆ ಬೀಜ ತಾಜಾ ಅಂತಲ್ಲ, ಬಿಸಿ ಬಂದದ್ದು ಗಿರಣಿಯಿಂದ. ನಾನೊಂದು ಸಲ ಬೇರೊಂದು ಊರಿನ ಅಂಗಡಿಯಲ್ಲಿ ಕಾಲು ಕೆಜಿ ತಂದೆ, ‘ಇವತ್ತಿಂದೇ ಸಾರ್’ ಅಂದರು. ಮನೆಗೆ ಬಂದು ನೀರು ಹಾಕಿದರೆ ಒಂದು ಗುಳ್ಳೆ ಇಲ್ಲ, ಕೆಸರಿನ ಹಾಗೆ ಕೂತಿತು. ಇವತ್ತಿನದು ಪುಡಿ ಮಾತ್ರ! ಅದಕ್ಕೇ ‘ತಾಜಾ ಇದೆಯಾ’ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಯಾವ್ಯಾವ ವಾರ ಹುರಿಯುತ್ತೀರಿ, ಈ ಡಬ್ಬದ್ದು ಯಾವತ್ತು ಹುರಿದದ್ದು’ ಅಂತ ಕೇಳಿ. ಅಲ್ಲೇ ಹುರಿಯುವವರು ಥಟ್ಟನೆ ಹೇಳುತ್ತಾರೆ, ‘ಮಂಗಳವಾರ ಹುರಿದದ್ದು’ ಅಂತ. ತಡವರಿಸಿದರೆ ನಿಮಗೇ ಗೊತ್ತಾಗುತ್ತದೆ. ಇಲ್ಲಿ ಒಂದು ವಾರಕ್ಕಾಗುವಷ್ಟು ಮಾತ್ರ ಪುಡಿ ಮಾಡಿಸಿ. ಪುಡಿಗೆ ಬೀಜದಷ್ಟು ತಾಳ್ಮೆ ಇಲ್ಲ.

ಮೂರನೆಯದು ಬೀಜವನ್ನೇ ತರಿಸುವುದು. ಘಮ ಇದರಲ್ಲೇ ಜಾಸ್ತಿ, ಕೆಲಸವೂ ಇದರಲ್ಲೇ ಜಾಸ್ತಿ. ಮಿಕ್ಸಿ ಸಾಕಾಗುವುದಿಲ್ಲ, ಎರಡು ಕಲ್ಲಿನ ನಡುವೆ ಅರೆಯುವ ಹಾಗಿನ ಕೈ ಗ್ರೈಂಡರ್ ಬೇಕು, ದಿನಾ ಬೆಳಿಗ್ಗೆ ತಿರುಗಿಸುವ ವ್ಯವಧಾನ ಬೇಕು. ಎರಡು ವಾರದ ಉತ್ಸಾಹ ಮುಗಿದ ಮೇಲೆ ಗ್ರೈಂಡರ್ ಅಟ್ಟ ಸೇರಿದ ಮನೆಗಳನ್ನು ನಾನು ಬಹಳ ನೋಡಿದ್ದೇನೆ, ಹಾಗಾಗಿ ಒತ್ತಾಯ ಮಾಡುವುದಿಲ್ಲ. ಗ್ರೈಂಡರ್ ಬರುವವರೆಗೆ ಮಿಕ್ಸಿಯೇ ಗತಿ ಅಂದರೆ, ಒಂದೇ ಸಮ ಓಡಿಸದೆ ಎರಡೆರಡು ಸೆಕೆಂಡ್ ಬಿಟ್ಟು ಬಿಟ್ಟು ಓಡಿಸಿ, ನಡುವೆ ಜಾರ್ ಅಲುಗಾಡಿಸಿ.

ನಾದಿನಿ ಮತ್ತೆ ಅರ್ಧ ಕೆಜಿ ತಂದರೆ ಹೀಗೆ ಮಾಡಿ. ಬಂದ ದಿನವೇ ಎರಡು ಪಾಲು ಮಾಡಿ. ಒಂದು ಪಾಲು ಅದೇ ಚೀಲದಲ್ಲಿ, ಗಾಳಿ ಒತ್ತಿ ತೆಗೆದು, ಒಲೆಯಿಂದ ದೂರ, ಕತ್ತಲೆ ಜಾಗದಲ್ಲಿ ಇಡಿ. ಹುರಿದ ಐದನೇ ದಿನಕ್ಕೆ ಶುರು ಮಾಡಿ. ಇನ್ನೊಂದು ಪಾಲನ್ನು ಒಂದು ವಾರ ಕಳೆದ ಮೇಲೆ ನಾಲ್ಕೈದು ದಿನಕ್ಕೆ ಸಾಕಾಗುವಷ್ಟು ಸಣ್ಣ ಪೊಟ್ಟಣ ಮಾಡಿ, ಗಾಳಿಯಾಡದ ಹಾಗೆ ಕಟ್ಟಿ, ಫ್ರೀಜರ್‌ಗೆ ಹಾಕಿ. ಫ್ರೀಜರ್, ಕೆಳಗಿನ ಫ್ರಿಜ್ ಅಲ್ಲ. ಕೆಳಗಿಟ್ಟರೆ ತೇವವನ್ನೂ ನಿನ್ನೆಯ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯನ್ನೂ ಕಾಫಿ ಹೀರಿಕೊಳ್ಳುತ್ತದೆ. ಬೇಕಾದಾಗ ಒಂದು ಪೊಟ್ಟಣ ಹೊರಗೆ ತೆಗೆದು, ಬಿಚ್ಚದೆ, ಅಡುಗೆಮನೆಯ ಬಿಸಿಗೆ ಬರುವವರೆಗೆ ಬಿಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಬೀಜದ ಮೇಲೆ ನೀರು ಕೂರುತ್ತದೆ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ಫಿಲ್ಟರ್‌ಗೆ ಹಾಕುವಾಗ ಇಷ್ಟು ನೆನಪಿಡಿ. ತಾಜಾ ಪುಡಿಯನ್ನು ಗಟ್ಟಿಯಾಗಿ ಒತ್ತಬೇಡಿ, ಸುಮ್ನೆ ಮಟ್ಟ ಮಾಡಿ. ಬಿಲ್ಲೆ ಇಡುವ ಮೊದಲು ಪುಡಿ ನೆನೆಯುವಷ್ಟು ಮಾತ್ರ ಬಿಸಿನೀರು ಹಾಕಿ ಒಂದು ನಿಮಿಷ ಬಿಡಿ, ಉಬ್ಬಿ ಗುಳ್ಳೆ ಒಡೆದು ಇಳಿಯಲಿ. ಆಮೇಲೆ ಬಿಲ್ಲೆ ಇಟ್ಟು ಉಳಿದ ನೀರು ಹಾಕಿ. ಮಾರ್ಚ್ 6ರಂದು ಇದನ್ನು ಮಾಡಿದ್ದರೆ ಡಿಕಾಕ್ಷನ್ ಇಳಿಯುತ್ತಿತ್ತು. ಹುಳಿ ಮಾತ್ರ ಸ್ವಲ್ಪ ಉಳಿಯುತ್ತಿತ್ತು.

ಈಗ ಚೀಲದ ತಳದಲ್ಲಿ ಉಳಿದಿರುವ ಆ ಸಪ್ಪೆ ಬೀಜ ಎಸೆಯಬೇಡಿ. ಮೂಸಿ ನೋಡಿ, ಕಮಟು ವಾಸನೆ ಇಲ್ಲದಿದ್ದರೆ ಅಂಗಡಿಯಲ್ಲಿ ನಯವಾಗಿ ಪುಡಿ ಮಾಡಿಸಿ, ಐದಕ್ಕೆ ಒಂದು ಪಾಲು ಚಿಕೋರಿ ಸೇರಿಸಿ, ಮಾಮೂಲಿಗಿಂತ ಒಂದು ಚಮಚ ಪುಡಿ ಜಾಸ್ತಿ ಹಾಕಿ ಡಿಕಾಕ್ಷನ್ ಮಾಡಿ. ಯಾವ ಬೀಜ ಅಂತ ಹೇಳದೆ ಯಜಮಾನರಿಗೆ ಕೊಟ್ಟು ನೋಡಿ, ಹಳೇ ಪ್ಯಾಕೆಟ್ಟೇ ವಾಪಸ್ ಬಂತು ಅಂದುಕೊಂಡರೂ ಆಶ್ಚರ್ಯ ಇಲ್ಲ.